ಯಾರು ಬಂದರು, ಯಾರು ಹೇಳಿದರು: ಕನ್ನಡದಲ್ಲಿ ಬಿಟ್ಟುಹೋದ ಕರ್ತೃವನ್ನು ಇಂಗ್ಲಿಷಿಗೆ ತರುವ ಕ್ರಮ

ಬಸವನಗುಡಿಯಲ್ಲಿ ಶನಿವಾರ ಸಂಜೆ ಅನುವಾದ ಕಲಿಯಲು ಬರುವವರಿಗೆ ನಾನು ಮೊದಲು ಕೊಡುವುದು ಒಂದೇ ಪ್ಯಾರಾ. ಗಿರಿನಗರದಲ್ಲಿ ಬಾಡಿಗೆಗೆ ಇದ್ದ ಒಬ್ಬ ಹೆಂಗಸು ಲಾಯರಿಗೆ ಬರೆದುಕೊಟ್ಟ ಹೇಳಿಕೆ ಅಂದುಕೊಳ್ಳಿ. ಲಾಯರಿಗೆ ಕನ್ನಡ ಓದಲು ಬರುವುದಿಲ್ಲ, ಇಂಗ್ಲಿಷ್ ಬೇಕು. ಪ್ಯಾರಾದಲ್ಲಿ ಕಷ್ಟದ ಪದ ಒಂದೂ ಇಲ್ಲ. ಆದರೂ ಬರುವ ಅನುವಾದಗಳಲ್ಲಿ ಜಾಸ್ತಿ ಪಾಲು ಯಾರು ಏನು ಮಾಡಿದರು ಅನ್ನುವುದನ್ನೇ ತಿರುಗುಮುರುಗು ಮಾಡಿರುತ್ತವೆ. ಒಂದರಲ್ಲಂತೂ ಅಡ್ವಾನ್ಸ್ ವಾಪಸ್ ಕೊಡಬೇಕಾದವರೇ ಬಾಡಿಗೆದಾರರು ಆಗಿಬಿಟ್ಟಿದ್ದರು.

ಪ್ಯಾರಾ ಇದು:

> ಭಾನುವಾರ ಓನರ್ ಮನೆಗೆ ಬಂದರು. ಮಗಳನ್ನೂ ಕರೆದುಕೊಂಡು ಬಂದಿದ್ದರು. ಅವಳು ಬಾಗಿಲಲ್ಲೇ ನಿಂತಿದ್ದಳು. ಅಡ್ವಾನ್ಸ್ ವಿಷಯ ಕೇಳಿದಾಗ ತಿಂಗಳ ಕೊನೆಗೆ ಕೊಡುತ್ತೇನೆ ಎಂದರು. ಇವರು ಆಗ ಊರಿನಲ್ಲಿ ಇರಲಿಲ್ಲ. ಬಂದ ಮೇಲೆ ಹೇಳಿದೆ. ಫೋನ್ ಮಾಡಿದರೆ ಎತ್ತಲಿಲ್ಲ. ಮರುದಿನ ತನ್ನ ಅಪ್ಪನಿಗೆ ಹುಷಾರಿಲ್ಲ, ಆಮೇಲೆ ಮಾತಾಡೋಣ ಎಂದು ಮೆಸೇಜ್ ಬಂತು. ಕೊಟ್ಟ ರಸೀದಿ ನನ್ನ ಹತ್ತಿರವೇ ಇದೆ. ಮನೆಗೆ ಬಣ್ಣ ಹೊಡೆಸಲಾಗಿದೆ.

ಮುಂದೆ ಓದುವ ಮುಂಚೆ ಒಂದು ಸಲ ನೀವೇ ಇಂಗ್ಲಿಷ್ ಮಾಡಿ ನೋಡಿ. ಹತ್ತು ನಿಮಿಷ ಸಾಕು. ತಪ್ಪು ಎಲ್ಲಿ ಆಯಿತು ಅಂತ ಆಮೇಲೆ ನಿಮಗೇ ಕಾಣುತ್ತದೆ.

## ಬೇಕಾದ ಸಾಮಾನು

ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ಮಾಡಿದ ಕನ್ನಡ ಪ್ರತಿ, ಒಂದು ಪೆನ್ಸಿಲ್, ಒಂದು ಖಾಲಿ ಹಾಳೆ, ಬರೆದವರ ಫೋನ್ ನಂಬರ್. ಸ್ಕ್ರೀನಿನ ಮೇಲೆ ಮಾಡಬಾರದು ಅಂತೇನಿಲ್ಲ. ಆದರೆ ಸ್ಕ್ರೀನಿನಲ್ಲಿ ಕೂತರೆ ಕೈ ಸುಮ್ನೆ ಇರುವುದಿಲ್ಲ, ಮೊದಲ ವಾಕ್ಯಕ್ಕೇ ಇಂಗ್ಲಿಷ್ ಟೈಪ್ ಮಾಡಲು ಶುರು ಮಾಡುತ್ತದೆ. ಈ ಕೆಲಸದಲ್ಲಿ ಇಂಗ್ಲಿಷ್ ಬರುವುದು ಐದನೇ ಹಂತದಲ್ಲಿ.

## ಹಂತ 1: ಕೊನೆಯವರೆಗೆ ಓದಿ, ಜನರ ಪಟ್ಟಿ ಮಾಡಿ

ಪ್ಯಾರಾದಲ್ಲಿ ಯಾರು ಯಾರು ಇದ್ದಾರೆ ಅಂತ ಖಾಲಿ ಹಾಳೆಯಲ್ಲಿ ಬರೆದುಕೊಳ್ಳಿ. ಬರೆಯುತ್ತಿರುವವರನ್ನು ಮರೆಯಬೇಡಿ. ಕನ್ನಡದಲ್ಲಿ ಮೊದಲು ಮಾಯವಾಗುವುದೇ ‘ನಾನು’.

ಇಲ್ಲಿ ನಾಲ್ಕು ಜನ: ಹೇಳಿಕೆ ಬರೆದ ಹೆಂಗಸು, ಓನರ್, ಓನರ್ ಮಗಳು, ಮತ್ತೆ ‘ಇವರು’. ಹೊಸಬರು ಮೂರೇ ಬರೆದು ನಿಲ್ಲಿಸುತ್ತಾರೆ. ಇವರು ಅಂದರೆ ಓನರ್ ಅಂದುಕೊಳ್ಳುತ್ತಾರೆ. ಓನರ್ ಆಗತಾನೇ ಮನೆಗೆ ಬಂದು ಮಾತಾಡಿ ಹೋಗಿದ್ದಾರೆ, ಅವರೇ ಊರಿನಲ್ಲಿ ಇರಲಿಲ್ಲ ಅಂದರೆ ಹೇಗೆ? ಮದುವೆಯಾದ ಹೆಂಗಸು ಹೆಸರು ಹೇಳದೆ ‘ಇವರು’ ಅಂದರೆ ಗಂಡ ಅಂತ ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಇಂಗ್ಲಿಷಿಗೆ ಹೋಗುವಾಗ ಮಾತ್ರ ಯಾಕೋ ಅದು ‘ದೇ’ ಆಗಿಬಿಡುತ್ತದೆ. ನಾನೇ ಒಂದು ಕಾಲದಲ್ಲಿ ಹಾಗೆ ಬರೆದುಕೊಟ್ಟಿದ್ದೆ. ಓದಿದ ಲಾಯರು “ಈ ದೇ ಎಷ್ಟು ಜನ?” ಅಂತ ಕೇಳಿದರು.

ಪ್ರತಿ ಹೆಸರಿನ ಪಕ್ಕ ಇನ್ನೊಂದು ವಿಷಯ ಬರೆಯಿರಿ: ಬರೆದವರು ಆ ವ್ಯಕ್ತಿಗೆ ಏಕವಚನ ಹಚ್ಚುತ್ತಾರಾ, ಬಹುವಚನವಾ? ಓನರಿಗೆ ‘ಬಂದರು’, ‘ಎಂದರು’. ಮಗಳಿಗೆ ‘ಅವಳು’, ‘ನಿಂತಿದ್ದಳು’. ಗಂಡನಿಗೆ ‘ಇವರು’. ಈಗ ಇದು ಚಿಲ್ಲರೆ ವಿಷಯ ಅನ್ನಿಸಬಹುದು. ಮೂರನೇ ಹಂತದಲ್ಲಿ ಇಡೀ ಪ್ಯಾರಾ ಬಿಚ್ಚಿಕೊಳ್ಳುವುದು ಇದರಿಂದಲೇ.

## ಹಂತ 2: ಪ್ರತಿ ಕ್ರಿಯಾಪದವನ್ನೂ ಮುಗಿಸಿ ನೋಡಿ

ಎಲ್ಲ ಕ್ರಿಯಾಪದಗಳಿಗೂ ಅಡಿಗೆರೆ ಹಾಕಿ. ವಾಕ್ಯದ ಕೊನೆಯಲ್ಲಿ ಇರುವುದಕ್ಕೆ ಮಾತ್ರ ಅಲ್ಲ, ಮಧ್ಯೆ ಅಡಗಿರುವ ಕೇಳಿದಾಗ, ಬಂದ, ಮಾಡಿದರೆ, ಕೊಟ್ಟ ಇವಕ್ಕೂ.

ಕನ್ನಡದಲ್ಲಿ ಕರ್ತೃವನ್ನು ಬಿಡಲು ಆಗುವುದು ಕ್ರಿಯಾಪದದ ಬಾಲದಲ್ಲಿ ಅದು ಇರುತ್ತದೆ ಅಂತಲೇ. ಬಂದಳು ಅಂದರೆ ಅವಳು, ಬಂದೆವು ಅಂದರೆ ನಾವು. ತೊಂದರೆ ಏನೆಂದರೆ, ಎಲ್ಲ ಕ್ರಿಯಾಪದಕ್ಕೂ ಬಾಲ ಇರುವುದಿಲ್ಲ. ಬಾಲ ಇಲ್ಲದ ಕಡೆ ಕನ್ನಡ ಓದುಗ ತಲೆಯಲ್ಲೇ ಹಚ್ಚಿಕೊಂಡು ಮುಂದೆ ಹೋಗುತ್ತಾನೆ. ಹಚ್ಚಿಕೊಂಡದ್ದು ಅವನಿಗೇ ಗೊತ್ತಾಗುವುದಿಲ್ಲ. ಇಂಗ್ಲಿಷ್ ಬರೆಯುವಾಗ ಅದೇ ಕೈಕೊಡುತ್ತದೆ.

ಬಾಲ ಕಳೆದುಕೊಳ್ಳುವ ರೂಪಗಳು ಮುಖ್ಯವಾಗಿ ಇವು. ‘ಇಲ್ಲ’ ಸೇರಿದವು: ಎತ್ತಿದೆ, ಎತ್ತಿದಳು, ಎತ್ತಿದರು ಎಲ್ಲವೂ ಇಲ್ಲ ಅನ್ನುವಾಗ ‘ಎತ್ತಲಿಲ್ಲ’ ಒಂದೇ. ಬೇಕು, ಬಹುದು, ಬಾರದು ಸೇರಿದವು: ‘ಕೊಡಬೇಕು’ ಅಂದರೆ ನಾನಾ, ನೀನಾ, ಅವರಾ? ವಾಕ್ಯದ ಮಧ್ಯೆ ಬರುವ ‘-ದಾಗ’, ‘-ದರೆ’, ‘-ದ ಮೇಲೆ’. ಹೆಸರಿನ ಮುಂದೆ ಕೂರುವ ‘ಕೊಟ್ಟ’, ‘ನೋಡಿದ’, ‘ಹೊಡೆದ’. ಕೊನೆಗೆ ಆಫೀಸ್ ಕನ್ನಡದ ‘-ಲಾಗಿದೆ’.

ಇವುಗಳಿಗೆ ನಾನು ಹೇಳಿಕೊಡುವ ಉಪಾಯ ಒಂದೇ. ಅಂಥ ಕ್ರಿಯಾಪದ ಕಂಡ ಕೂಡಲೇ ಅದನ್ನು ಬಾಲ ಇರುವ ಪೂರ್ತಿ ವಾಕ್ಯ ಮಾಡಿ, ಕನ್ನಡದಲ್ಲೇ. ‘ಕೇಳಿದಾಗ’ ಅನ್ನುವುದನ್ನು ‘ಕೇಳಿದೆ’ ಅಂತ ಮುಗಿಸುತ್ತೀರಾ, ‘ಕೇಳಿದರು’ ಅಂತಲಾ? ಮುಗಿಸಲು ಹೋದಾಗ ನೀವು ನಿರ್ಧಾರ ಮಾಡಲೇಬೇಕಾಗುತ್ತದೆ, ಜಾರಿಕೊಳ್ಳಲು ಆಗುವುದಿಲ್ಲ. ಮುಗಿಸಿದ ಮೇಲೆ ಕರ್ತೃವನ್ನು ಚೌಕ ಕಂಸದಲ್ಲಿ ಸಾಲಿನ ಮೇಲೆ ಬರೆಯಿರಿ: [ನಾನು] ಕೇಳಿದಾಗ, [ಓನರ್] ಎಂದರು.

ಈ ಪ್ಯಾರಾದಲ್ಲಿ ಜನ ಎಡವುವ ಮೂರು ಜಾಗ ನೋಡೋಣ.

ಬಂದ ಮೇಲೆ ಹೇಳಿದೆ. ಇದೊಂದರಲ್ಲಿ ಎಡವದೇ ಇದ್ದವರು ಕಡಿಮೆ. ‘ಹೇಳಿದೆ’ಯ ಬಾಲ ‘ನಾನು’ ಅನ್ನುತ್ತದೆ. ಸರಿ, ಆದರೆ ಬಂದದ್ದು ಯಾರು? ಊರಿನಲ್ಲಿ ಇರಲಿಲ್ಲ ಅಂತ ಈಗಷ್ಟೇ ಹೇಳಿದ ಗಂಡ. ಕನ್ನಡದ ‘-ದ ಮೇಲೆ’ ಎರಡು ಬೇರೆ ಕರ್ತೃಗಳನ್ನು ಆರಾಮಾಗಿ ಹೊರುತ್ತದೆ. ‘ಬಂದು ಹೇಳಿದೆ’ ಅಂದಿದ್ದರೆ ಮಾತು ಬೇರೆ, ಆಗ ಬಂದವಳೂ ಹೇಳಿದವಳೂ ನಾನೇ. ಹೊಸಬರು ಇದನ್ನು “ಆಫ್ಟರ್ ಕಮಿಂಗ್ ಹೋಮ್, ಐ ಟೋಲ್ಡ್ ಹಿಮ್” ಅಂತ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಹಾಗೆ ಶುರುವಾದ ವಾಕ್ಯದಲ್ಲಿ ಬಂದದ್ದು ‘ಐ’ ಎಂದೇ ಅರ್ಥ. ಹೆಂಗಸು ಊರಿಗೆ ಹೋಗಿ ವಾಪಸ್ ಬಂದ ಹಾಗಾಯಿತು. ಭಾನುವಾರ ಓನರ್ ಜೊತೆ ಮಾತಾಡಿದ್ದು ಹಾಗಾದರೆ ಯಾರು ಅಂತ ಎದುರು ಪಾರ್ಟಿ ಲಾಯರು ಕೇಳಿದರೆ ಉತ್ತರ ಇಲ್ಲ. ಆದ್ದರಿಂದ ‘-ದ ಮೇಲೆ’, ‘-ದಾಗ’, ‘-ದರೆ’ ಬಂದ ಕಡೆ ಇಂಗ್ಲಿಷ್ ವಾಕ್ಯವನ್ನು ‘-ಇಂಗ್’ನಿಂದ ಶುರು ಮಾಡಬೇಡಿ. “ವೆನ್ ಮೈ ಹಸ್ಬೆಂಡ್ ಕೇಮ್ ಬ್ಯಾಕ್” ಅಂತ ಕರ್ತೃ ಇಟ್ಟೇ ಬರೆಯಿರಿ.

‘ಹೇಳಿದೆ’ ಬಗ್ಗೆಯೂ ಒಂದು ಎಚ್ಚರಿಕೆ. ಕಳೆದದ್ದನ್ನು ಹೇಳುವಾಗ ‘ನಾನು ಹೇಳಿದೆ’, ‘ನೀನು ಹೇಳಿದೆ’ ಎರಡಕ್ಕೂ ಬಾಲ ಒಂದೇ. ಹೇಳಿಕೆಯಲ್ಲಿ ‘ನೀನು’ ಇರುವುದಿಲ್ಲ, ಹಾಗಾಗಿ ಇಲ್ಲಿ ಭಯ ಇಲ್ಲ. ಕಥೆಯಲ್ಲಿ, ವಾಟ್ಸಾಪ್ ಚಾಟಿನಲ್ಲಿ ಇದು ಸರಿಯಾಗಿ ಕಾಡುತ್ತದೆ. ‘ಯಾವಾಗ ಬಂದೆ?’ ಅಂದರೆ ನೀನು, ‘ನಿನ್ನೆ ಬಂದೆ’ ಅಂದರೆ ನಾನು. ಪ್ರಶ್ನೆ ಯಾವುದು, ಉತ್ತರ ಯಾವುದು ಅಂತ ಗುರುತು ಹಾಕಿಕೊಳ್ಳದೆ ಮುಟ್ಟಬೇಡಿ.

ಕೊಡುತ್ತೇನೆ ಎಂದರು. ಬಾಲ ‘ನಾನು’ ಅನ್ನುತ್ತದೆ. ಆದರೆ ಈ ‘ನಾನು’ ಬರೆಯುತ್ತಿರುವ ಹೆಂಗಸಲ್ಲ, ಓನರ್. ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ಅವರು ಆಡಿದ ಹಾಗೇ ಎತ್ತಿಟ್ಟು ‘ಎಂದರು’ ಹಚ್ಚುತ್ತೇವೆ, ಉದ್ಧರಣ ಚಿಹ್ನೆ ಹಾಕುವ ಅಭ್ಯಾಸ ಕಡಿಮೆ. ಅದನ್ನೇ ಚಿಹ್ನೆ ಇಲ್ಲದೆ “ಹೀ ಸೆಡ್ ಐ ವಿಲ್ ಪೇ” ಅಂತ ಇಂಗ್ಲಿಷಿಗೆ ಇಳಿಸಿದರೆ ದುಡ್ಡು ಕೊಡುವವಳು ಹೆಂಗಸು ಆಗುತ್ತಾಳೆ. ನಾನು ಮೊದಲು ಹೇಳಿದ ಅಡ್ವಾನ್ಸ್ ಎಡವಟ್ಟು ಆದದ್ದು ಇಲ್ಲೇ. “ಹೀ ಸೆಡ್ ಹೀ ವುಡ್ ಪೇ” ಅಂತ ತಿರುಗಿಸಿ, ಇಲ್ಲವೇ ಚಿಹ್ನೆ ಹಾಕಿ. ‘ಎಂದು’, ‘ಅಂತ’, ‘ಅಂದರು’ ಕಂಡಲ್ಲೆಲ್ಲ ಎತ್ತಿಟ್ಟ ಮಾತು ಎಲ್ಲಿ ಶುರುವಾಯಿತು ಅಂತ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಯ ಒಳಗಿನ ‘ನಾನು’ ಬೇರೆ, ಹೊರಗಿನ ‘ನಾನು’ ಬೇರೆ.

ಕೊಟ್ಟ ರಸೀದಿ. ಹೆಸರಿನ ಮುಂದೆ ಕೂತ ಕ್ರಿಯಾಪದ ಯಾರ ಕೆಲಸ ಅಂತಲೂ ಹೇಳುವುದಿಲ್ಲ, ಆ ಹೆಸರಿಗೂ ಕೆಲಸಕ್ಕೂ ಏನು ಸಂಬಂಧ ಅಂತಲೂ ಹೇಳುವುದಿಲ್ಲ. ‘ಹೊಡೆದ ಹುಡುಗ’ ಹೊಡೆದವನೂ ಆಗಬಹುದು, ಹೊಡೆಸಿಕೊಂಡವನೂ ಆಗಬಹುದು. ‘ಕೊಟ್ಟ ರಸೀದಿ’ಯಲ್ಲೂ ಎರಡು ದಾರಿ ಇದೆ. ಓನರ್ ಕೊಟ್ಟ ರಸೀದಿ ಒಂದು. ನಾವು ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಇನ್ನೊಂದು. ಅದೃಷ್ಟಕ್ಕೆ ಎರಡರಲ್ಲೂ ಕಾಗದ ಒಂದೇ ಇರಬಹುದು, ಆದರೆ ವಾಕ್ಯ ಒಂದೇ ಅಲ್ಲ. ಇದನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಗೆ ಹಾಕಿ.

ಇನ್ನೊಂದು, ಇದು ಕ್ರಿಯಾಪದದ ತಪ್ಪಲ್ಲ. ಮೊದಲ ವಾಕ್ಯದ ‘ಓನರ್ ಮನೆಗೆ ಬಂದರು’ ಅನ್ನುವುದನ್ನು ಕೆಲವರು ಓನರ್ ಅವರ ಮನೆಗೆ ಯಾರೋ ಬಂದರು ಅಂತ ಓದುತ್ತಾರೆ. ‘ಓನರ್ ಮನೆ’ ಅಂತ ಕೂಡಿಸಿ ಆಡುವ ರೂಢಿ ಇರುವುದರಿಂದ ಹಾಗೆ ಓದುವುದು ತಪ್ಪೂ ಅಲ್ಲ. ಎರಡನೇ ವಾಕ್ಯದ ‘ಬಂದಿದ್ದರು’, ಬಾಗಿಲಲ್ಲಿ ನಿಂತ ಮಗಳು, ಇವೆರಡೂ ಸೇರಿ ಆ ಓದನ್ನು ಹೊಡೆದುಹಾಕುತ್ತವೆ. ಕೊನೆಯವರೆಗೆ ಓದಿ ಅಂದದ್ದು ಅದಕ್ಕೇ.

## ಹಂತ 3: ಅವರು, ಇವರು, ತಾನು

ಬಾಲ ಇದ್ದ ಮಾತ್ರಕ್ಕೆ ಗೆದ್ದಂತಲ್ಲ. ‘-ಅರು’ ಅನ್ನುವ ಬಾಲ ಒಬ್ಬರಿಗೆ ಮರ್ಯಾದೆಯೂ ಹೌದು, ಹಲವರೂ ಹೌದು. ಗಂಡಸೂ ಹೌದು, ಹೆಂಗಸೂ ಹೌದು. ‘ಓನರ್ ಬಂದರು’ ಅಂದರೆ ಒಬ್ಬರೇ ಅಂತ ಸಂದರ್ಭ ಹೇಳುತ್ತದೆ, ಆದರೆ ಇಂಗ್ಲಿಷ್ ‘ಹೀ’ನೋ ‘ಶೀ’ನೋ ಕೇಳುತ್ತದೆ. ಇಲ್ಲಿ ಎಲ್ಲರೂ ಯೋಚನೆ ಮಾಡದೆ ‘ಹೀ’ ಬರೆಯುತ್ತಾರೆ. ಓನರ್ ಅಂದರೆ ಗಂಡಸು ಅಂತ ಯಾರು ಹೇಳಿದರು? ಬೆಂಗಳೂರಿನಲ್ಲಿ ಮನೆ ಓನರಮ್ಮಂದಿರಿಗೇನು ಕಮ್ಮಿಯಾ?

ಉತ್ತರ ಇದೆ, ಆದರೆ ಏಳು ವಾಕ್ಯ ಆಚೆಗಿದೆ: ‘ತನ್ನ ಅಪ್ಪನಿಗೆ ಹುಷಾರಿಲ್ಲ ಎಂದು ಮೆಸೇಜ್ ಬಂತು’.

ನಿಧಾನವಾಗಿ ಬಿಡಿಸೋಣ. ‘ಬಂತು’ ಅನ್ನುವುದರ ಕರ್ತೃ ಮೆಸೇಜ್. ಕಳಿಸಿದವರು ಯಾರು ಅಂತ ಎಲ್ಲೂ ಇಲ್ಲ. ‘ತಾನು’, ‘ತನ್ನ’ ಅನ್ನುವುದು ಯಾರ ಮಾತೋ ಅವರ ಕಡೆಗೇ ತಿರುಗಿ ನೋಡುತ್ತದೆ, ಆ ವ್ಯಕ್ತಿಯ ಹೆಸರು ವಾಕ್ಯದಲ್ಲಿ ಇಲ್ಲದಿದ್ದರೂ ಸರಿ. ಅಂದರೆ ‘ತನ್ನ ಅಪ್ಪ’ ಎಂದರೆ ಮೆಸೇಜ್ ಕಳಿಸಿದವರ ಅಪ್ಪ. ಕಳಿಸಿದ್ದು ಓನರ್ ಆಗಿರಬಹುದಾ? ಒಂದನೇ ಹಂತದ ಹಾಳೆ ತೆಗೆಯಿರಿ. ಓನರಿಗೆ ಈ ಹೆಂಗಸು ಉದ್ದಕ್ಕೂ ಬಹುವಚನ ಹಚ್ಚಿದ್ದಾರೆ. ಓನರ್ ಕಳಿಸಿದ್ದರೆ ‘ತಮ್ಮ ಅಪ್ಪನಿಗೆ’, ಅಥವಾ ‘ತಮ್ಮ ತಂದೆಯವರಿಗೆ’ ಅಂತ ಬರಬೇಕಿತ್ತು. ‘ತನ್ನ’ ಅಂದಿದ್ದಾರೆ. ಪಟ್ಟಿಯಲ್ಲಿ ಏಕವಚನ ಇರುವುದು ಒಬ್ಬರಿಗೇ, ಮಗಳಿಗೆ. ಹಾಗಾದರೆ ಮೆಸೇಜ್ ಮಗಳದ್ದು, ಹುಷಾರಿಲ್ಲದ ಅಪ್ಪ ಓನರ್. ಓನರ್ ಗಂಡಸು. ಈಗ ಮೊದಲ ವಾಕ್ಯಕ್ಕೆ ವಾಪಸ್ ಹೋಗಿ ‘ಹೀ’ ಬರೆಯಬಹುದು, ಧೈರ್ಯವಾಗಿ.

ಪೂರಾ ಧೈರ್ಯ ಅಂತ ಹೇಳಲಾರೆ. ಆತುರದಲ್ಲಿ ಬರೆಯುವವರು ತಮ್ಮ ಅನ್ನುವ ಕಡೆ ತನ್ನ ಬರೆಯುವುದುಂಟು. ಸಿಟ್ಟು ಬಂದಾಗ ಮರ್ಯಾದೆ ಮಧ್ಯದಲ್ಲೇ ಇಳಿದುಹೋಗುವುದೂ ಉಂಟು. ಇದೇ ಹೇಳಿಕೆ ಇನ್ನೊಂದು ಪುಟ ಮುಂದುವರಿದು ‘ಓನರ್ ಬಂದ, ಕೂಗಾಡಿದ’ ಅಂತ ಆಗಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಹಾಗಾಗಿ ಇದೂ ಪ್ರಶ್ನೆಗಳ ಪಟ್ಟಿಗೆ.

## ಹಂತ 4: ಬರೆದವರನ್ನು ಕೇಳಿ

ಈಗ ಚೌಕ ಕಂಸಗಳು ತುಂಬಿವೆ. ಕೆಲವು ಮಾತ್ರ ಖಾಲಿ, ಅಥವಾ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇದೆ. ನನ್ನ ಪಟ್ಟಿಯಲ್ಲಿ ನಾಲ್ಕು ಉಳಿಯುತ್ತವೆ: ಫೋನ್ ಮಾಡಿದ್ದು ಯಾರು, ಮೆಸೇಜ್ ಕಳಿಸಿದ್ದು ಯಾರು ಮತ್ತು ಬಂದದ್ದು ಯಾರ ಫೋನಿಗೆ, ರಸೀದಿ ಕೊಟ್ಟದ್ದು ಯಾರು, ಬಣ್ಣ ಹೊಡೆಸಿದ್ದು ಯಾರು.

ಕೇಳುವ ರೀತಿ ಮುಖ್ಯ. “ಯಜಮಾನರೇ ಅಲ್ವಾ ಫೋನ್ ಮಾಡಿದ್ದು?” ಅಂದರೆ ಆ ಕಡೆಯಿಂದ “ಹೂಂ” ಬರುತ್ತದೆ. ಅದು ಉತ್ತರವಲ್ಲ, ನಿಮ್ಮ ಮಾತಿಗೆ ತಲೆಯಾಡಿಸಿದ್ದು. “ಮೇಡಂ, ಫೋನ್ ಮಾಡಿದ್ದು ನೀವಾ, ಯಜಮಾನರಾ?” ಅಂತ ಎರಡು ಬಾಗಿಲೂ ತೆರೆದಿಟ್ಟು ಕೇಳಿ. ಬಂದ ಉತ್ತರವನ್ನು ಅದೇ ಪ್ರಿಂಟಿನ ಮೇಲೆ ತಾರೀಖು ಹಾಕಿ ಬರೆದಿಡಿ.

ಬರೆದವರು ಸಿಗುವುದೇ ಇಲ್ಲ ಅಂದರೆ? ತಿಳಿಯದ್ದನ್ನು ತಿಳಿಯದ ಹಾಗೇ ಬಿಡುವ ವಾಕ್ಯ ಹುಡುಕಿ. ‘ಫೋನ್ ಮಾಡಿದರೆ ಎತ್ತಲಿಲ್ಲ’ ಅನ್ನುವುದನ್ನು “ದ ಕಾಲ್ಸ್ ವರ್ ನಾಟ್ ಆನ್ಸರ್ಡ್” ಅಂದರೆ ಯಾರ ಹೆಸರನ್ನೂ ಕಟ್ಟಿಕೊಟ್ಟಂತಾಗುವುದಿಲ್ಲ. ಕೆಳಗೆ ಅನುವಾದಕರ ಟಿಪ್ಪಣಿಯಾಗಿ, ಮೂಲದಲ್ಲಿ ಕರ್ತೃ ಇಲ್ಲ ಅಂತ ಒಂದು ಸಾಲು ಹಾಕಿ. ಕಥೆಯಾದರೆ ನಿಮ್ಮ ಊಹೆ ನಡೆಯುತ್ತದೆ. ಕಾನೂನು ಕಾಗದದಲ್ಲಿ ನಡೆಯುವುದಿಲ್ಲ.

‘ಬಣ್ಣ ಹೊಡೆಸಲಾಗಿದೆ’ ಅನ್ನುವುದರಲ್ಲಂತೂ ಊಹೆ ಮಾಡಲೇಬೇಡಿ. ಇಲ್ಲಿ ಇಬ್ಬರು ಮಾಯವಾಗಿದ್ದಾರೆ, ಬಣ್ಣ ಹೊಡೆದ ಪೇಂಟರು ಮತ್ತು ದುಡ್ಡು ಕೊಟ್ಟು ಹೊಡೆಸಿದವರು. ಪೇಂಟರು ಯಾರಾದರೇನು, ಅವನು ಬೇಕಾಗಿಲ್ಲ. ಹೊಡೆಸಿದವರು ಬೇಕು. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ಸಾಮಾನ್ಯ. ಓನರ್ ಹೊಡೆಸಿದ್ದರೆ ಆ ದುಡ್ಡು ಹಿಡಿಯಲು ಅವರಿಗೆ ಒಂದು ನೆಪ ಸಿಗುತ್ತದೆ. ಬಾಡಿಗೆದಾರರೇ ಹೊಡೆಸಿದ್ದರೆ ಆ ನೆಪ ಇಲ್ಲ. ಒಂದು ‘-ಲಾಗಿದೆ’ಯ ಹಿಂದೆ ಒಂದು ತಿಂಗಳ ಬಾಡಿಗೆ ಕೂತಿದೆ.

## ಹಂತ 5: ಈಗ ಇಂಗ್ಲಿಷ್

ಕಂಸ ತುಂಬಿದ ಕನ್ನಡ ಪ್ರತಿಯನ್ನು ನೋಡಿಕೊಂಡು ಬರೆಯಿರಿ, ಮೂಲವನ್ನಲ್ಲ. ಇಲ್ಲಿ ತಪ್ಪು ಉಲ್ಟಾ ದಿಕ್ಕಿನಲ್ಲಿ ಆಗುತ್ತದೆ. ಕಷ್ಟಪಟ್ಟು ಕಂಡುಹಿಡಿದ ಕರ್ತೃವನ್ನು ಜನ ಮತ್ತೆ ಸರ್ವನಾಮದಲ್ಲಿ ಕಳೆದುಹಾಕುತ್ತಾರೆ. ಓನರೂ ‘ಹೀ’, ಗಂಡನೂ ‘ಹೀ’. “ಹೀ ಕಾಲ್ಡ್ ಹಿಮ್ ಬಟ್ ಹೀ ಡಿಡ್ ನಾಟ್ ಪಿಕ್ ಅಪ್” ಅಂದರೆ ದೇವರಿಗೇ ಗೊತ್ತು.

ನಾನು ಮಾಡುವುದು ಹೀಗೆ. ಗಂಡಸು ಒಬ್ಬರೇ ಇರುವ ಕಡೆ ಮಾತ್ರ ‘ಹೀ’ ಬರೆಯುತ್ತೇನೆ, ಇಬ್ಬರು ಒಟ್ಟಿಗೆ ಬರುವ ಕಡೆ ಇಬ್ಬರನ್ನೂ ಪ್ರತಿ ಸಲ ನಾಮಪದದಿಂದಲೇ ಕರೆಯುತ್ತೇನೆ. ಈ ಪ್ಯಾರಾದಲ್ಲಿ ಮೊದಲ ನಾಲ್ಕು ವಾಕ್ಯದಲ್ಲಿ ಗಂಡಸು ಓನರ್ ಒಬ್ಬರೇ, ಅಲ್ಲಿ ‘ಹೀ’ ಸಾಕು. ಐದರಿಂದ ಮುಂದೆ ಗಂಡ ಬರುತ್ತಾರೆ, ಅಲ್ಲಿಂದ ‘ಮೈ ಹಸ್ಬೆಂಡ್’, ‘ದ ಓನರ್’ ಎರಡನ್ನೂ ಬಿಡಿಸಿ ಬರೆಯುತ್ತೇನೆ. ಕೇಳಲು ಸ್ವಲ್ಪ ಒರಟು. ಇರಲಿ ಬಿಡಿ. ಮಗಳು ಒಬ್ಬಳೇ ‘ಶೀ’ ಆದ್ದರಿಂದ ತೊಂದರೆ ಇಲ್ಲ: “ದ ಓನರ್ಸ್ ಡಾಟರ್ ಸೆಂಟ್ ಎ ಮೆಸೇಜ್ ಸೇಯಿಂಗ್ ಹರ್ ಫಾದರ್ ವಾಸ್ ಅನ್‌ವೆಲ್.” ‘ಮಾತಾಡೋಣ’ದ ಒಳಗಿನ ‘ನಾವು’ ಯಾರ್ಯಾರು ಅಂತ ಸ್ಪಷ್ಟ ಇಲ್ಲ, ಅದನ್ನು ಉದ್ಧರಣ ಚಿಹ್ನೆಯೊಳಗೆ ಅವಳ ಮಾತಾಗಿಯೇ ಇಡುತ್ತೇನೆ.

ಬರೆಯುತ್ತಿರುವಾಗಲೇ ಅಪಾಯ ತೋರಿಸುವ ಗುರುತುಗಳು ಕೆಲವಿವೆ. ಒಂದೇ ಪ್ಯಾರಾದಲ್ಲಿ ಮೂರನೇ ಸಲ ‘ದೇ’ ಬಂತು ಅಂದರೆ ಯಾವುದೋ ಮರ್ಯಾದೆಯ ಬಹುವಚನವನ್ನು ಗುಂಪು ಮಾಡಿದ್ದೀರಿ. ವಾಕ್ಯ ‘ಇಟ್’ನಿಂದ ಶುರುವಾಗಿ, ಆ ‘ಇಟ್’ ಯಾವ ವಸ್ತು ಅಂತ ಬೆರಳು ತೋರಿಸಲು ಆಗದಿದ್ದರೆ ಕರ್ತೃ ಸಿಗದೆ ಜಾರಿಕೊಂಡಿದ್ದೀರಿ. ಮಗುವಿನ ವಿಷಯದಲ್ಲಿ ಇದು ಇನ್ನೊಂದು ಥರ: ಕನ್ನಡದ ‘ಮಗು ಅಳ್ತು’ ಇಂಗ್ಲಿಷಿನಲ್ಲಿ ‘ಇಟ್’ ಆಗಿ ಉಳಿದರೆ ಅಪ್ಪ ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ.

## ಹಂತ 6: ಕನ್ನಡ ಮುಚ್ಚಿಟ್ಟು ಪರೀಕ್ಷೆ

ಈ ಪರೀಕ್ಷೆ ನೀವೇ ಮಾಡಿದರೆ ಉಪಯೋಗವಿಲ್ಲ. ನಿಮ್ಮ ತಲೆಯಲ್ಲಿ ಕನ್ನಡ ಇರುತ್ತದೆ, ಖಾಲಿ ಜಾಗ ಅದೇ ತುಂಬುತ್ತದೆ. ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಇಂಗ್ಲಿಷ್ ಪ್ರತಿ ಮಾತ್ರ ಕೊಡಿ. ಪ್ರತಿ ಕ್ರಿಯಾಪದಕ್ಕೂ ‘ಯಾರು?’, ‘ಯಾರಿಗೆ?’ ಅಂತ ಎರಡೇ ಪ್ರಶ್ನೆ ಕೇಳಿ. ಉತ್ತರ ಹೇಳಲು ಅವರು ಹಿಂದಿನ ವಾಕ್ಯಕ್ಕೆ ಎರಡು ಸಲ ಹೋದರೆ ಅಲ್ಲಿ ಸರ್ವನಾಮ ತೆಗೆದು ನಾಮಪದ ಹಾಕಿ. ತಪ್ಪು ಉತ್ತರ ಬಂದರೆ ಅವರ ಜೊತೆ ವಾದ ಮಾಡಬೇಡಿ, ವಾಕ್ಯ ಬದಲಿಸಿ.

ಈ ಪ್ಯಾರಾದ ನಾಲ್ಕು ಪ್ರಶ್ನೆಗೆ ತರಗತಿಯಲ್ಲಿ ನಾನೇ ಆ ಹೆಂಗಸಿನ ಪಾತ್ರ ಮಾಡಿ ಉತ್ತರ ಕೊಡುತ್ತೇನೆ. ಫೋನ್ ಮಾಡಿದ್ದು ಯಜಮಾನರು. ಮೆಸೇಜ್ ಬಂದದ್ದು ನನ್ನ ಫೋನಿಗೆ, ಓನರ್ ಮಗಳದ್ದು. ರಸೀದಿ ಓನರ್ ಕೈಯಾರೆ ಬರೆದುಕೊಟ್ಟದ್ದು. ಬಣ್ಣ? “ನಾವೇ ಹೊಡೆಸಿದ್ದು ಸಾರ್, ಬಿಲ್ಲೂ ಇಟ್ಟುಕೊಂಡಿದ್ದೀವಿ.” ಅಷ್ಟು ಹೊತ್ತಿಗೆ ಅರ್ಧ ಕ್ಲಾಸು ಓನರ್ ಹೆಸರು ಬರೆದು ಕೂತಿರುತ್ತದೆ.